ತೋರುವ ಲಾಭ, ಕರಗುವ ಬಂಡವಾಳ

ಗಂಗಾವತಿ ಸೀಮೆಯಲ್ಲಿ ಒಂದು ರೈಸ್ ಮಿಲ್ ಇದೆ ಎಂದು ಇಟ್ಟುಕೊಳ್ಳೋಣ. ವರ್ಷದ ಆರಂಭದಲ್ಲಿ ಅದರ ಗೋದಾಮಿನಲ್ಲಿ 3,000 ಕ್ವಿಂಟಲ್ ಭತ್ತವಿತ್ತು. ಕ್ವಿಂಟಲಿಗೆ 2,000 ರೂಪಾಯಿಯಂತೆ ಅದರ ಬೆಲೆ 60 ಲಕ್ಷ. ವರ್ಷವಿಡೀ ಮಾಲೀಕರು ಭತ್ತ ಕೊಂಡರು, ಅಕ್ಕಿ ಮಾಡಿದರು, ಮಾರಿದರು. ವರ್ಷದ ಕೊನೆಗೂ ಗೋದಾಮಿನಲ್ಲಿ ಉಳಿದದ್ದು ಅದೇ 3,000 ಕ್ವಿಂಟಲ್. ಆದರೆ ಅಷ್ಟರಲ್ಲಿ ದರ 2,400ಕ್ಕೆ ಏರಿತ್ತು, ದಾಸ್ತಾನಿನ ಬೆಲೆ 72 ಲಕ್ಷವಾಗಿತ್ತು. ಗೋದಾಮಿನಲ್ಲಿ ಒಂದು ಚೀಲವೂ ಹೆಚ್ಚಾಗಲಿಲ್ಲ. ಆದರೂ ಲೆಕ್ಕದ ಪುಸ್ತಕದಲ್ಲಿ 12 ಲಕ್ಷ ರೂಪಾಯಿ ಲಾಭದ ಕಡೆಗೆ ಸೇರಿಕೊಂಡಿತು.

ಇದರಲ್ಲಿ ಮೋಸವೇನೂ ಇಲ್ಲ. ಮಾರಿದ ಮಾಲಿನ ವೆಚ್ಚ ತಿಳಿಯಲು ಆರಂಭದ ದಾಸ್ತಾನಿಗೆ ವರ್ಷದ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆಯುತ್ತಾರೆ. ಹಳೆಯ ಭತ್ತ ಹಳೆಯ ದರದಲ್ಲೇ ವೆಚ್ಚವಾಗುತ್ತದೆ, ಅದರಿಂದಾದ ಅಕ್ಕಿ ಹೊಸ ದರಕ್ಕೆ ಮಾರಾಟವಾಗುತ್ತದೆ. ಎರಡರ ನಡುವಿನ ಅಂತರವೆಲ್ಲ ಲಾಭ ಎನಿಸಿಕೊಳ್ಳುತ್ತದೆ. ಆದರೆ ಈ 12 ಲಕ್ಷವನ್ನು ಮಾಲೀಕರು ಮನೆಗೆ ಒಯ್ಯುವಂತಿಲ್ಲ. ಗೋದಾಮನ್ನು ಮೊದಲಿನಷ್ಟೇ ತುಂಬಿಡಲು ಅಷ್ಟೂ ಹಣ ಆಗಲೇ ಭತ್ತಕ್ಕೆ ಹೋಗಿದೆ.

ಕೊಂಡಾಗ ಕೊಟ್ಟ ಬೆಲೆಯನ್ನೇ ಕೊನೆಯವರೆಗೂ ಹಿಡಿದುಕೊಂಡು ಹೋಗುವ ಈ ಕ್ರಮವನ್ನು ಮೂಲ ವೆಚ್ಚ ಪದ್ಧತಿ ಎನ್ನುತ್ತಾರೆ. ಅದು ಇಷ್ಟು ಕಾಲ ಬಾಳಿಕೆ ಬಂದಿರುವುದಕ್ಕೆ ಕಾರಣವಿದೆ. ಪ್ರತಿ ಅಂಕಿಯ ಹಿಂದೆ ಒಂದು ಬಿಲ್ ಇರುತ್ತದೆ, ಆಡಿಟರ್ ಅದನ್ನು ತೆಗೆದು ನೋಡಬಹುದು. ಬೆಲೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದರೆ ಇದಕ್ಕಿಂತ ಒಳ್ಳೆಯ ಪದ್ಧತಿ ಬೇಡ. ಬೆಲೆಗಳು ಓಡತೊಡಗಿದಾಗ ಮಾತ್ರ ಹಳೆಯ ರೂಪಾಯಿಯನ್ನು ಹೊಸ ರೂಪಾಯಿಯಿಂದ ಕಳೆಯುವ ಈ ಲೆಕ್ಕ ದಾರಿ ತಪ್ಪಿಸುತ್ತದೆ.

ಇದರ ಬಿಸಿ ಚೆನ್ನಾಗಿ ತಟ್ಟಿದ್ದು 1970ರ ದಶಕದ ಬ್ರಿಟನ್ನಿಗೆ. 1975ರ ಆಗಸ್ಟ್‌ನಲ್ಲಿ ಅಲ್ಲಿನ ಚಿಲ್ಲರೆ ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 27ರಷ್ಟು ಮೇಲಿದ್ದವು. ಕಂಪನಿಗಳ ಮೇಲಿನ ತೆರಿಗೆ ಶೇ. 52. ದಾಸ್ತಾನಿನ ಬೆಲೆ ಏರಿದ್ದರಿಂದ ಬಂದ ಲಾಭಕ್ಕೂ ಅದೇ ತೆರಿಗೆ. ಲಾಭವೇನೋ ಪುಸ್ತಕದಲ್ಲಿತ್ತು, ತೆರಿಗೆಯನ್ನು ಮಾತ್ರ ನಗದಾಗಿ ಕಟ್ಟಬೇಕಿತ್ತು. ಲಾಭ ತೋರಿಸುತ್ತಿದ್ದ ಕಂಪನಿಗಳೇ ಹಣವಿಲ್ಲದೆ ಒದ್ದಾಡಿದವು. ಹಣಕಾಸು ಸಚಿವ ಡೆನಿಸ್ ಹೀಲಿ 1974ರ ನವೆಂಬರ್‌ನಲ್ಲಿ ದಾಸ್ತಾನಿನ ಏರಿಕೆಗೆ ತೆರಿಗೆ ರಿಯಾಯಿತಿ ಕೊಡಬೇಕಾಯಿತು.

ಲೆಕ್ಕವನ್ನೇ ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಬಂದವು. 1974ರಲ್ಲಿ ಲೆಕ್ಕಿಗರ ಸಂಸ್ಥೆಗಳು ಹೇಳಿದ್ದು, ಹಳೆಯ ಅಂಕಿಗಳನ್ನೆಲ್ಲ ಸಾಮಾನ್ಯ ಬೆಲೆ ಸೂಚ್ಯಂಕದಿಂದ ಏರಿಸಿ ಬರೆಯಿರಿ ಎಂದು. ಸರ್ಕಾರ ನೇಮಿಸಿದ್ದ ಫ್ರಾನ್ಸಿಸ್ ಸ್ಯಾಂಡಿಲ್ಯಾಂಡ್ಸ್ ಸಮಿತಿ 1975ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟು ಇದನ್ನು ಒಪ್ಪಲಿಲ್ಲ. ಸರಾಸರಿ ಹಣದುಬ್ಬರ ಎಂಬುದು ಯಾವ ಕಂಪನಿಗೂ ನೇರವಾಗಿ ತಾಗುವುದಿಲ್ಲ, ಪ್ರತಿ ಕಂಪನಿಗೂ ಅದು ಬಳಸುವ ವಸ್ತುವಿನ ಬೆಲೆಯೇ ಮುಖ್ಯ ಎಂಬುದು ಸಮಿತಿಯ ವಾದ. ನಮ್ಮ ಮಿಲ್ ಮಾಲೀಕರಿಗೆ ಬೇಕಾದ್ದು ಭತ್ತದ ದರ ಮತ್ತು ಯಂತ್ರದ ದರ. ಪೆಟ್ರೋಲು, ಬಟ್ಟೆ, ಬಾಡಿಗೆ ಎಲ್ಲ ಸೇರಿದ ಸೂಚ್ಯಂಕದಿಂದ ಅವರ ಗೋದಾಮು ತುಂಬುವುದಿಲ್ಲ. ಸಮಿತಿ ಸೂಚಿಸಿದ ದಾರಿಗೆ ಪ್ರಚಲಿತ ವೆಚ್ಚ ಲೆಕ್ಕಪದ್ಧತಿ ಎಂದು ಹೆಸರು. ವ್ಯವಹಾರ ಮೊದಲಿನಷ್ಟೇ ದೊಡ್ಡದಾಗಿ ಮುಂದುವರಿಯಲು ಬೇಕಾದ್ದನ್ನು ತೆಗೆದಿಟ್ಟ ಮೇಲೆ ಉಳಿಯುವುದೇ ಲಾಭ ಎಂಬುದು ಅದರ ತಿರುಳು.

1980ರ ಮಾರ್ಚ್‌ನಲ್ಲಿ ಇದು ಬ್ರಿಟನ್ನಿನಲ್ಲಿ ಎಸ್‌ಎಸ್‌ಎಪಿ 16 ಎಂಬ ಮಾನದಂಡವಾಗಿ ಜಾರಿಗೆ ಬಂತು. ಅದರಲ್ಲಿದ್ದದ್ದು ನಾಲ್ಕು ತಿದ್ದುಪಡಿಗಳು. ಅವುಗಳನ್ನು ನಮ್ಮ ಮಿಲ್ಲಿನ ಲೆಕ್ಕಕ್ಕೇ ಹಚ್ಚಿ ನೋಡೋಣ.

ಮಿಲ್ಲಿನ ಮಾರಾಟ 500 ಲಕ್ಷ. ಭತ್ತದ ವೆಚ್ಚ 420 ಲಕ್ಷ. ಕೂಲಿ, ಕರೆಂಟು, ಸಾಗಣೆ ಸೇರಿ 35 ಲಕ್ಷ. ಹತ್ತು ವರ್ಷದ ಹಿಂದೆ 100 ಲಕ್ಷಕ್ಕೆ ಕೊಂಡ ಯಂತ್ರಕ್ಕೆ 20 ವರ್ಷ ಆಯಸ್ಸೆಂದು ಹಿಡಿದು ವರ್ಷಕ್ಕೆ 5 ಲಕ್ಷ ಸವಕಳಿ. ಇಷ್ಟೂ ಕಳೆದರೆ ಬಡ್ಡಿಗೆ ಮುಂಚಿನ ಲಾಭ 40 ಲಕ್ಷ. ಬ್ಯಾಂಕಿನ 100 ಲಕ್ಷ ಸಾಲಕ್ಕೆ 10 ಲಕ್ಷ ಬಡ್ಡಿ, ಉಳಿದ 30 ಲಕ್ಷಕ್ಕೆ ಸುಮಾರು 9 ಲಕ್ಷ ತೆರಿಗೆ. ಕೈಗೆ 21 ಲಕ್ಷ. ಅದರಲ್ಲಿ 18 ಲಕ್ಷವನ್ನು ಮಾಲೀಕರು ಮನೆಖರ್ಚಿಗೆ ತೆಗೆದುಕೊಂಡರು. 3 ಲಕ್ಷವನ್ನು ವ್ಯವಹಾರದಲ್ಲೇ ಬಿಟ್ಟೆವೆಂಬ ಸಮಾಧಾನ ಅವರದು.

ಮೊದಲ ತಿದ್ದುಪಡಿ ಮಾರಿದ ಮಾಲಿನದು, ಅಂದರೆ ಆಗಲೇ ನೋಡಿದ 12 ಲಕ್ಷ. ಎರಡನೆಯದು ಸವಕಳಿಯದು. ಅದೇ ಯಂತ್ರಕ್ಕೆ ಇಂದು 180 ಲಕ್ಷ ಬೀಳುತ್ತದೆ. ಹಾಗಾಗಿ ಈ ವರ್ಷ ಸವೆದದ್ದರ ಬೆಲೆ 5 ಲಕ್ಷವಲ್ಲ, 9 ಲಕ್ಷ. ಇನ್ನೂ 4 ಲಕ್ಷ ಕಳೆಯಬೇಕು. ಮೂರನೆಯದು ಉದ್ರಿಯದು. ವ್ಯಾಪಾರಿಗಳಿಂದ ಬರಬೇಕಾದ ಬಾಕಿಯಲ್ಲಿ ತಾನು ಕೊಡಬೇಕಾದ್ದನ್ನು ಕಳೆದರೆ ಮಿಲ್ಲಿನ 30 ಲಕ್ಷ ಹೊರಗೆ ಸಿಕ್ಕಿಕೊಂಡಿತ್ತು. ದರ ಏರಿದ ಮೇಲೆ ಅಷ್ಟೇ ಅಕ್ಕಿಯನ್ನು ಅಷ್ಟೇ ದಿನ ಉದ್ರಿ ಕೊಡಲು 36 ಲಕ್ಷ ಬೇಕಾಯಿತು. ಆ 6 ಲಕ್ಷವೂ ವ್ಯವಹಾರದಲ್ಲೇ ಹೂತುಹೋಯಿತು. ಮೂರೂ ಸೇರಿ 22 ಲಕ್ಷ. 40 ಲಕ್ಷವಿದ್ದ ಲಾಭ 18ಕ್ಕೆ ಇಳಿಯಿತು.

ನಾಲ್ಕನೆಯ ತಿದ್ದುಪಡಿ ಇದಕ್ಕೆ ಎದುರು ದಿಕ್ಕಿನದು. ದಾಸ್ತಾನು, ಯಂತ್ರ, ಉದ್ರಿ ಎಲ್ಲವೂ ಮಾಲೀಕರ ಸ್ವಂತ ಹಣದಿಂದ ನಿಂತದ್ದಲ್ಲ, ಸುಮಾರು ಅರ್ಧ ಬ್ಯಾಂಕಿನ ಸಾಲದ್ದು. ಭತ್ತದ ದರ ಎಷ್ಟೇ ಏರಿದರೂ ಬ್ಯಾಂಕಿಗೆ ತೀರಿಸಬೇಕಾದ ಅಸಲು ಅದೇ 100 ಲಕ್ಷ. ಆದ್ದರಿಂದ 22 ಲಕ್ಷದ ಪೂರ್ತಿ ಹೊರೆಯನ್ನು ಮಾಲೀಕರ ಮೇಲೆ ಹೇರುವುದು ಸರಿಯಲ್ಲ, ಅರ್ಧವನ್ನು, ಅಂದರೆ 11 ಲಕ್ಷವನ್ನು, ಮರಳಿ ಕೂಡಿಸಬೇಕು. ಈಗ 18ರಲ್ಲಿ ಬಡ್ಡಿ 10 ಕಳೆದು 11 ಕೂಡಿಸಿದರೆ 19 ಲಕ್ಷ. ತೆರಿಗೆ 9 ಹೋದರೆ 10 ಲಕ್ಷ.

ಹೀಗೆ 21 ಲಕ್ಷದ ಲಾಭ 10 ಲಕ್ಷವಾಯಿತು. ಮಾಲೀಕರು 18 ಲಕ್ಷ ತೆಗೆದುಕೊಂಡಿದ್ದಾರೆ, ಅಂದರೆ 8 ಲಕ್ಷ ಬಂಡವಾಳವನ್ನೇ ತಿಂದಿದ್ದಾರೆ. ಶೇ. 30 ಎಂದುಕೊಂಡಿದ್ದ ತೆರಿಗೆ ನಿಜವಾಗಿ ಶೇ. 47 ಆಗಿದೆ. ಇನ್ನೊಂದು ಅಂಕಿ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ಹಳೆಯ ಪುಸ್ತಕದ ಪ್ರಕಾರ ಯಂತ್ರದ ಉಳಿದ ಬೆಲೆ 50, ದಾಸ್ತಾನು 72, ಉದ್ರಿ 36, ಒಟ್ಟು 158 ಲಕ್ಷ ಹೂಡಿಕೆಯ ಮೇಲೆ 40 ಲಕ್ಷ ಗಳಿಕೆ, ಶೇ. 25. ಅರ್ಧ ಸವೆದ ಯಂತ್ರಕ್ಕೆ ಇಂದಿನ ಬೆಲೆ 90 ಲಕ್ಷ ಹಾಕಿದರೆ ಹೂಡಿಕೆ 198 ಲಕ್ಷವಾಗುತ್ತದೆ, ಗಳಿಕೆ 18 ಲಕ್ಷ, ಶೇ. 9 ಮಾತ್ರ. ಬ್ಯಾಂಕಿಗೆ ಕೊಡುವ ಬಡ್ಡಿಯೇ ಶೇ. 10. ಮೂಲ ವೆಚ್ಚ ಪದ್ಧತಿ ಲಾಭವನ್ನು ಹಿಗ್ಗಿಸುತ್ತದೆ, ಹೂಡಿಕೆಯನ್ನು ಕುಗ್ಗಿಸುತ್ತದೆ. ಎರಡೂ ಸೇರಿ ಹಳೆಯ ಯಂತ್ರದ ಮಿಲ್ಲನ್ನು ಹೊಸ ಯಂತ್ರದ ಮಿಲ್ಲಿಗಿಂತ ಜಾಣ ವ್ಯವಹಾರವೆಂದು ತೋರಿಸುತ್ತವೆ.

ಇಷ್ಟು ತರ್ಕಬದ್ಧವಾದ ಪದ್ಧತಿ ಏಕೆ ನಿಲ್ಲಲಿಲ್ಲ? ವಿರೋಧ ಮೊದಲಿನಿಂದಲೂ ಇತ್ತು. 1977ರ ಜುಲೈನಲ್ಲಿ ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರು ಮತ ಹಾಕಿ, ಇದನ್ನು ಕಡ್ಡಾಯ ಮಾಡಬಾರದೆಂದು ನಿರ್ಣಯಿಸಿದ್ದರು. ಅವರ ಅಳುಕು ಅರ್ಥವಾಗುವಂಥದ್ದು. ನಮ್ಮ ಮಿಲ್ಲಿನ ಹಳೆಯ ಸಾರ್ಟೆಕ್ಸ್ ಯಂತ್ರ ಈಗ ತಯಾರಾಗುವುದೇ ಇಲ್ಲ ಎನ್ನಿ. ಬದಲಿಗೆ ಬಂದದ್ದು ಎರಡರಷ್ಟು ಕಾಳು ಆರಿಸುತ್ತದೆ, ಕರೆಂಟು ಕಡಿಮೆ ಕುಡಿಯುತ್ತದೆ. ಹಾಗಾದರೆ ಹಳೆಯದರ ಇಂದಿನ ಬೆಲೆ ಎಷ್ಟು? ಹೊಸದರ ಅರ್ಧವೇ, ಮುಕ್ಕಾಲೇ? ಒಬ್ಬೊಬ್ಬ ಇಂಜಿನಿಯರ್ ಒಂದೊಂದು ಅಂಕಿ ಹೇಳುತ್ತಾನೆ, ಆಡಿಟರ್ ನೋಡಬಹುದಾದ ಬಿಲ್ ಇರುವುದಿಲ್ಲ. ಸಾಲದ ತಿದ್ದುಪಡಿಯ ಬಗ್ಗೆಯಂತೂ ತಜ್ಞರಲ್ಲೇ ಒಮ್ಮತವಿರಲಿಲ್ಲ. ತೆರಿಗೆ ಇಲಾಖೆಯೂ ಈ ಲಾಭವನ್ನು ತನ್ನ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಲೆಯೇರಿಕೆ ತಣ್ಣಗಾದಂತೆ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. 1985ರಲ್ಲಿ ಮಾನದಂಡದ ಕಡ್ಡಾಯ ಹೋಯಿತು, 1988ರಲ್ಲಿ ಮಾನದಂಡವೇ ಹೋಯಿತು. ಅಮೆರಿಕವೂ 1979ರಲ್ಲಿ ದೊಡ್ಡ ಕಂಪನಿಗಳಿಗೆ ಇಂಥ ಪೂರಕ ಮಾಹಿತಿಯನ್ನು ಕಡ್ಡಾಯ ಮಾಡಿ 1986ರಲ್ಲಿ ಐಚ್ಛಿಕವಾಗಿಸಿತು.

ಭಾರತದಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1982ರಲ್ಲಿ ಈ ಕುರಿತು ಮಾರ್ಗದರ್ಶಿ ಟಿಪ್ಪಣಿ ಹೊರಡಿಸಿತು, ಕಡ್ಡಾಯ ಮಾಡಲಿಲ್ಲ. ಇಂದು ಕಂಪನಿಗಳು ಬೇಕೆಂದರೆ ಜಮೀನು, ಕಟ್ಟಡ, ಯಂತ್ರಗಳನ್ನು ಮರುಮೌಲ್ಯಮಾಪನ ಮಾಡಬಹುದು. ಮೂರು ವರ್ಷಗಳ ಒಟ್ಟು ಬೆಲೆಯೇರಿಕೆ ಶೇ. 100ರ ಹತ್ತಿರ ಬಂದ ದೇಶಗಳಿಗೆ ಅಂತರರಾಷ್ಟ್ರೀಯ ಮಾನದಂಡ ಬೇರೆ ಇದೆ. 2018ರಿಂದ ಅರ್ಜೆಂಟೀನಾ, 2022ರಿಂದ ಟರ್ಕಿ ಆ ಸಾಲಿನಲ್ಲಿವೆ. ಆದರೆ ಅಲ್ಲಿ ಬಳಕೆಯಾಗುವುದು ಸಾಮಾನ್ಯ ಸೂಚ್ಯಂಕ, ಸ್ಯಾಂಡಿಲ್ಯಾಂಡ್ಸ್ ಬೇಡವೆಂದ ದಾರಿ.

ವರ್ಷಕ್ಕೆ ಶೇ. 5ರಂತೆ ಏರಿದರೂ ಬೆಲೆ 14–15 ವರ್ಷದಲ್ಲಿ ಎರಡರಷ್ಟಾಗುತ್ತದೆ, ಕಾರ್ಖಾನೆಯ ಯಂತ್ರಗಳು ಅಷ್ಟು ಕಾಲ ದುಡಿಯುತ್ತವೆ. ಆದ್ದರಿಂದ ಉಕ್ಕು, ಸಿಮೆಂಟು, ಸಕ್ಕರೆಯಂಥ ಕಂಪನಿಗಳ ಷೇರು ಕೊಳ್ಳುವವರು ವಾರ್ಷಿಕ ವರದಿಯಲ್ಲಿ ಮೂರು ಕಡೆ ಕಣ್ಣು ಹಾಯಿಸಬೇಕು. ಸ್ಥಿರ ಆಸ್ತಿಯ ಟಿಪ್ಪಣಿಯಲ್ಲಿ ಈವರೆಗಿನ ಒಟ್ಟು ಸವಕಳಿ ಮೂಲ ವೆಚ್ಚದ ಮುಕ್ಕಾಲು ಭಾಗ ದಾಟಿದ್ದರೆ ಯಂತ್ರಗಳು ಹಳೆಯವು, ಲಾಭ ಉಬ್ಬಿದೆ ಎಂದೇ ತಿಳಿಯಿರಿ. ಆದರೆ 2016ರ ನಂತರ ಇಂಡ್ ಎಎಸ್‌ಗೆ ಬದಲಾದ ಅನೇಕ ಕಂಪನಿಗಳು ಅಂದಿನ ಪುಸ್ತಕ ಬೆಲೆಯನ್ನೇ ಹೊಸ ಮೂಲ ವೆಚ್ಚವೆಂದು ಬರೆದುಕೊಂಡಿರುವುದರಿಂದ ಯಂತ್ರ ಇರುವುದಕ್ಕಿಂತ ಹೊಸದಾಗಿ ಕಾಣಬಹುದು. ಎರಡನೆಯದಾಗಿ, ದಾಸ್ತಾನಿನ ಬೆಲೆ ಹೆಚ್ಚಿದಾಗ ಪ್ರಮಾಣವೂ ಹೆಚ್ಚಿತೇ ನೋಡಿ. ಮೂರನೆಯದಾಗಿ, ಐದಾರು ವರ್ಷಗಳಲ್ಲಿ ಹಳೆಯ ಯಂತ್ರ ಬದಲಿಸಲು ಮಾಡಿದ ಖರ್ಚು ಸವಕಳಿಗಿಂತ ಸತತವಾಗಿ ಹೆಚ್ಚಿದೆಯೇ, ಲಾಭಾಂಶ ಕೊಡುತ್ತಲೇ ಸಾಲ ಏರುತ್ತಿದೆಯೇ ಗಮನಿಸಿ. ಈ ಎರಡೂ ಒಟ್ಟಿಗೆ ಕಂಡರೆ, ಆ ಕಂಪನಿ ನಿಮಗೆ ಹಂಚುತ್ತಿರುವುದು ಲಾಭವನ್ನೇ ಅಥವಾ ತನ್ನ ಬಂಡವಾಳವನ್ನೇ ಎಂದು ಕೇಳಿದ ಮೇಲೆಯೇ ಹಣ ಹಾಕಿ.