ಬಿಳಿ ಕಂಡ ಲಿವರ್: ಗ್ರೇಡ್ ಹೇಳುವುದೇನು, ಹೇಳದಿರುವುದೇನು?

ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂದಿದ್ದರೆ ಮನೆಮಂದಿಗೆಲ್ಲ ಗಾಬರಿ. ಗ್ರೇಡ್ 1 ಎಂದಿದ್ದರೆ ‘ಈಗ ಎಲ್ಲರಿಗೂ ಇರುತ್ತೆ ಬಿಡಿ’ ಎಂದು ಫೈಲು ಮಡಚಿಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ.

ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಾಗ ಪ್ರೋಬ್ ಕಳಿಸಿದ ಶಬ್ದದ ಅಲೆ ಹೆಚ್ಚು ಚದುರಿ ವಾಪಸಾಗುತ್ತದೆ. ಆಗ ತೆರೆಯ ಮೇಲೆ ಲಿವರ್ ಬಿಳಿಚಿಕೊಂಡು ಕಾಣುತ್ತದೆ. ಎಷ್ಟು ಬಿಳಿ ಎಂದು ತಿಳಿಯಲು ರೇಡಿಯಾಲಜಿಸ್ಟರು ಅದರ ಪಕ್ಕದಲ್ಲೇ ಇರುವ ಬಲ ಮೂತ್ರಪಿಂಡವನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಎರಡರ ಬಣ್ಣ ಹೆಚ್ಚುಕಡಿಮೆ ಒಂದೇ. ಲಿವರ್ ಎದ್ದುಕಾಣುವಷ್ಟು ಬಿಳಿಯಾಗಿದ್ದು, ಒಳಗಿನ ರಕ್ತನಾಳಗಳ ಅಂಚು ಸ್ಪಷ್ಟವಾಗಿದ್ದರೆ ಗ್ರೇಡ್ 1. ಆ ಅಂಚು ಮಸುಕಾದರೆ ಗ್ರೇಡ್ 2. ಅಲೆ ಆಳಕ್ಕಿಳಿಯಲಾಗದೆ ಲಿವರಿನ ಹಿಂಭಾಗ, ವಪೆ ಎರಡೂ ಸರಿಯಾಗಿ ಕಾಣದಿದ್ದರೆ ಗ್ರೇಡ್ 3.

ಇದು ಕಣ್ಣಂದಾಜು. ಯಂತ್ರದ ಹೊಂದಾಣಿಕೆ, ನೋಡುವವರ ಅನುಭವ, ಹೊಟ್ಟೆಯ ದಪ್ಪ ಎಲ್ಲವೂ ಅದನ್ನು ಬದಲಿಸಬಲ್ಲವು. ಮೂತ್ರಪಿಂಡಕ್ಕೇ ಕಾಯಿಲೆಯಿದ್ದು ಅದೂ ಬಿಳಿಯಾಗಿದ್ದರೆ ಹೋಲಿಕೆಯೇ ಕೆಡುತ್ತದೆ. ಕೊಬ್ಬು ಶೇ. 5 ದಾಟಿದರೇ ಫ್ಯಾಟಿ ಲಿವರ್ ಎನ್ನುತ್ತಾರಾದರೂ ಶೇ. 20ಕ್ಕಿಂತ ಕಡಿಮೆಯಿದ್ದಾಗ ಅಲ್ಟ್ರಾಸೌಂಡಿಗೆ ಅದು ಎಷ್ಟೋ ಸಲ ಸಿಗುವುದಿಲ್ಲ. ಹಾಗಾಗಿ ಮೊದಲ ಸಲ ಗ್ರೇಡ್ 2, ಆರು ತಿಂಗಳ ನಂತರ ಬೇರೆ ಕಡೆ ಗ್ರೇಡ್ 1 ಎಂದು ಬಂದರೆ, ಕೊಬ್ಬು ಕರಗಿತು ಎನ್ನಲು ಅಷ್ಟೇ ಸಾಲದು.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಯಕೃತ್ತಿಗೆ ನಿಜವಾದ ಅಪಾಯ ತರುವುದು ಫೈಬ್ರೋಸಿಸ್, ಅಂದರೆ ಗಾಯದ ಕಲೆಯಂತೆ ಒಳಗೆ ನಾರುಗಟ್ಟುವುದು. ಗ್ರೇಡ್ ಅದನ್ನು ಅಳೆಯುವುದೇ ಇಲ್ಲ. ಸಿರೋಸಿಸ್ ಬಲಿತವರಲ್ಲಿ ಕೊಬ್ಬು ಕಡಿಮೆಯಾಗಿರುವುದೂ ಉಂಟು.

ನಾರಿನ ಸುಳಿವಿಗೆ ವೈದ್ಯರು ಮೊದಲು ನೋಡುವುದು ಫಿಬ್-4 ಎಂಬ ಲೆಕ್ಕ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಅದನ್ನು ಸಾವಿರದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು.

ಇಬ್ಬರನ್ನು ಊಹಿಸಿಕೊಳ್ಳಿ. 40 ವರ್ಷದ ಮಹಿಳೆಗೆ ಗ್ರೇಡ್ 2. ಎಎಸ್‌ಟಿ 30, ಎಎಲ್‌ಟಿ 49, ಪ್ಲೇಟ್‌ಲೆಟ್ 2.8 ಲಕ್ಷ. 1,020ನ್ನು 1,960ರಿಂದ ಭಾಗಿಸುವ ಹಾಗಿದ್ದರೆ ಅವರ ವಯಸ್ಸು 34 ಇರಬೇಕಿತ್ತು. 40ಕ್ಕೆ ಅದು 1,200 ಆಗಿ, ಉತ್ತರ 0.61 ಬರುತ್ತದೆ. 52 ವರ್ಷದ ಪುರುಷನಿಗೆ ಬರೀ ಗ್ರೇಡ್ 1. ಆದರೆ ಎಎಸ್‌ಟಿ 48, ಎಎಲ್‌ಟಿ 36, ಪ್ಲೇಟ್‌ಲೆಟ್ 1.4 ಲಕ್ಷ. ಅವರ ಉತ್ತರ 2.97. 1.3ಕ್ಕಿಂತ ಕಡಿಮೆಯಿದ್ದರೆ ನಾರು ಬಲಿತಿರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. ಮಹಿಳೆ ತೂಕ, ಸಕ್ಕರೆ ನೋಡಿಕೊಂಡು ಕೆಲವು ವರ್ಷಗಳಿಗೊಮ್ಮೆ ಈ ಲೆಕ್ಕ ಮಾಡಿಸಿದರೆ ಸಾಕಾದೀತು. ತಡಮಾಡದೆ ಯಕೃತ್ ತಜ್ಞರನ್ನು ಕಂಡು, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕಾದವರು ಗ್ರೇಡ್ 1ರ ಆ ಪುರುಷ.