ಮೊತ್ತ ಸರಿ, ಖಾತೆ ತಪ್ಪು

ಕಂಪನಿಯೊಂದು ಇನ್ನೂರು ಸರಬರಾಜುದಾರರಿಗೆ ಒಂದೇ ಸಲ ಹಣ ಕಳಿಸಬೇಕೆಂದರೆ, ಮಂಜೂರಾದ ಬಿಲ್ಲುಗಳಿಂದ ಲೆಕ್ಕದ ತಂತ್ರಾಂಶ ಒಂದು ಫೈಲ್ ಸಿದ್ಧಪಡಿಸುತ್ತದೆ. ಪ್ರತಿ ಸಾಲಿನಲ್ಲಿ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ ಇರುತ್ತವೆ. ಅದನ್ನು ಒಬ್ಬರು ಬ್ಯಾಂಕಿನ ಪೋರ್ಟಲ್‌ಗೆ ಏರಿಸುತ್ತಾರೆ, ಇನ್ನೊಬ್ಬರು ಒಪ್ಪಿಗೆ ಕೊಡುತ್ತಾರೆ.

ಎಡವಟ್ಟಾಗುವುದು ನಡುವೆ. ಯಾರೋ ‘ಸುಮ್ಮನೆ ನೋಡೋಣ’ ಎಂದು ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಖಾತೆ ಸಂಖ್ಯೆಯ ಎಲ್ಲ ಅಂಕಿಗಳೂ ಕಾಣುವಂತೆ ಆ ಕಾಲಂಗೆ ‘ನಂಬರ್’ ಫಾರ್ಮ್ಯಾಟ್ ಕೊಟ್ಟು ಉಳಿಸಿಬಿಡುತ್ತಾರೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಡುತ್ತದೆ. ಹಾಗಾಗಿ 16 ಅಂಕಿಯ 4321000100056789 ಎಂಬ ಖಾತೆ 4321000100056780 ಆಗಿಬಿಡುತ್ತದೆ. ಮೊದಲಲ್ಲಿರುವ ಸೊನ್ನೆಗಳೂ ಮಾಯ. ಒಟ್ಟು ಮೊತ್ತ ಮಾತ್ರ ಪೈಸೆ ಬದಲಾಗದ ಕಾರಣ, ಒಪ್ಪಿಗೆ ಕೊಡುವವರಿಗೆ ಅನುಮಾನವೇ ಬಾರದು.

ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ; ಹೆಸರು ತಾಳೆಯಾಗಲೇಬೇಕೆಂದಿಲ್ಲ. ಅಂಥ ಖಾತೆ ಇಲ್ಲದಿದ್ದರೆ ಹಣ ಮರಳುತ್ತದೆ, ಅದು ಅದೃಷ್ಟ. ಇದ್ದರೆ ಅಪರಿಚಿತರ ಪಾಲು. ವಾಪಸು ಪಡೆಯಲು ಅವರ ಒಪ್ಪಿಗೆ ಬೇಕಾಗಬಹುದು.

ಮೊತ್ತದ ಜೊತೆಗೆ ಖಾತೆ ಸಂಖ್ಯೆಗಳನ್ನೂ ಮೂಲ ದಾಖಲೆಯೊಂದಿಗೆ ತಂತ್ರಾಂಶದಲ್ಲೇ ತಾಳೆ ನೋಡಿ. ಫೈಲ್ ತೆರೆಯಲೇಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.