ಬೆಕ್ಕಿನ ಮೈ ಒಣಗಿದೆಯೇ, ನೋಡಿದಿರಾ?

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಭರಣಿಯ ಉಪ್ಪು ನೀರೊಡೆಯುತ್ತದೆ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಬರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇವಕ್ಕೆಲ್ಲ ನಾವು ಹೆಂಗಸರು ಏನಾದರೊಂದು ಉಪಾಯ ಮಾಡಿಕೊಂಡೇ ಇರುತ್ತೇವೆ. ಆದರೆ ಒಲೆ ಪಕ್ಕ ಮುದುಡಿ ಮಲಗುವ ಬೆಕ್ಕಿನ ಮೈಯೂ ಹಾಗೇ ತೇವದಲ್ಲಿ ಕೆಡುತ್ತದೆಂದು ನನಗಂತೂ ತೋಚಿರಲಿಲ್ಲ. "ಬೆಕ್ಕಿಗೆಂಥ ಆರೈಕೆ ಮಾರಾಯ್ತಿ, ತಾನೇ ನೆಕ್ಕಿ ಒಣಗಿಸಿಕೊಳ್ಳುತ್ತೆ" ಎನ್ನುವುದು ನಮ್ಮತ್ತೆಯವರ ಮಾತು. ನಾನೂ ಅದನ್ನೇ ನಂಬಿದ್ದೆ.

2023ರ ಮಳೆಗಾಲದ ಮಾತು. ನಮ್ಮ ಬೆಳ್ಳಿ ದಿನಕ್ಕೆ ನಾಲ್ಕು ಸಲ ಹಿತ್ತಿಲಿಗೆ ಹೋಗಿ ನೆನೆದು ಬರುತ್ತಿತ್ತು. ನಾನು ಕೈಗೆ ಸಿಕ್ಕ ಒರಸು ಬಟ್ಟೆಯಿಂದ ಬೆನ್ನು ಒರೆಸಿ ಬಿಟ್ಟುಬಿಡುತ್ತಿದ್ದೆ. ಅದು ಹೋಗಿ ಬಚ್ಚಲ ಮೂಲೆಯ ಗೋಣಿಚೀಲದ ಮೇಲೆ ಮಲಗುತ್ತಿತ್ತು. ಆ ಗೋಣಿಯೋ, ಜೂನ್‌ನಲ್ಲಿ ಹಾಸಿದ್ದು ಆಗಸ್ಟ್ ಬಂದರೂ ತೆಗೆದಿರಲಿಲ್ಲ. ಒಂದು ದಿನ ಕಿವಿಯ ಹಿಂದೆ ಎಂಟಾಣೆ ಅಗಲದಷ್ಟು ಕೂದಲು ಉದುರಿದ್ದು ಕಂಡಿತು. ಪಕ್ಕದ ಮನೆಯ ಗಡವದ ಜೊತೆ ಜಗಳವಾಡಿ ಬಂದಿರಬೇಕು ಎಂದುಕೊಂಡು ಸುಮ್ಮನಾದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಪುಟ್ಟಿಯ ಮುಂಗೈ ಮೇಲೆ ಬಳೆಯಂತೆ ದುಂಡಗಿನ ಕೆಂಪು ಗುರುತು ಎದ್ದಿತು. ಆಗ ನನ್ನ ಎದೆ ಧಸಕ್ಕೆಂದಿತು.

ಅದು ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದೆಯೇ ಹೊರತು ಇದು ಹುಳುವಿನಿಂದ ಬರುವುದಲ್ಲ. ಉಪ್ಪಿನಕಾಯಿಗೆ ಹಿಡಿಯುತ್ತದಲ್ಲ, ಆ ಬೂಷ್ಟಿನ ಜಾತಿಯದು. ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹತ್ತುತ್ತದೆ, ಉದುರಿದ ಕೂದಲಿನಿಂದಲೂ ಹತ್ತುತ್ತದೆ. ಸದಾ ತೇವವಾಗಿರುವ ಚರ್ಮ, ಪರಚಿದ ಚರ್ಮ ಸಿಕ್ಕಿದರೆ ಬೇಗ ಬೇರೂರುತ್ತದೆ. ಬೆಕ್ಕಿನಿಂದ ಮನುಷ್ಯರಿಗೂ, ಅದರಲ್ಲೂ ಮಕ್ಕಳಿಗೂ ಮುದುಕರಿಗೂ ಬರುತ್ತದೆ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಔಷಧಿ ಅಂಗಡಿಗೆ ಹೋಗಿ "ತುರಿಕೆಗೆ ಏನಾದರೂ ಕೊಡಿ" ಎಂದೆ. ಅವರು ಕೊಟ್ಟ ಟ್ಯೂಬನ್ನು ಮಗಳಿಗೂ ಹಚ್ಚಿದೆ, ಬೆಕ್ಕಿಗೂ ಹಚ್ಚಿದೆ. ನಾಲ್ಕು ದಿನದಲ್ಲಿ ಕೆಂಪು ಇಳಿಯಿತು. ಸಂತೋಷಪಟ್ಟೆ. ಎರಡನೇ ವಾರ ಒಂದಿದ್ದದ್ದು ಮೂರಾಯಿತು! ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿತ್ತಂತೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಬೂಷ್ಟು ಮಾತ್ರ ಒಳಗೊಳಗೇ ಹರಡುತ್ತ ಹೋಗುತ್ತದೆ. ಮೇಲಾಗಿ ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ. ಆದ್ದರಿಂದ ನಮಗೆ ತಂದ ಮುಲಾಮನ್ನು ಅದಕ್ಕೆ ಹಚ್ಚಲೇಬಾರದು.

ಮಗಳನ್ನು ಚರ್ಮದ ವೈದ್ಯರಿಗೆ ತೋರಿಸಿದೆವು. ಬೆಳ್ಳಿಯನ್ನು ಬುಟ್ಟಿಯಲ್ಲಿ ಕೂರಿಸಿ ಪಶುವೈದ್ಯರ ಬಳಿ ಒಯ್ದೆ. ಅವರು ಕೋಣೆ ಕತ್ತಲೆ ಮಾಡಿ ನೇರಳೆ ಬೆಳಕಿನ ದೀಪ ಹಿಡಿದರು. ಕಿವಿಯ ಹಿಂದಿನ ಕೂದಲ ಬುಡ ಎಳೆ ಹಸಿರಾಗಿ ಹೊಳೆಯಿತು. "ಎಲ್ಲ ಸಲವೂ ಹೀಗೆ ಹೊಳೆಯುವುದಿಲ್ಲಮ್ಮ, ಹೊಳೆಯಲಿಲ್ಲ ಅಂತ ರೋಗ ಇಲ್ಲ ಅನ್ನೋ ಹಾಗಿಲ್ಲ" ಎಂದು ನಾಲ್ಕು ಕೂದಲು ಕಿತ್ತು ಪರೀಕ್ಷೆಗೂ ಇಟ್ಟುಕೊಂಡರು. ತೂಕ ನೋಡಿ ಬಾಯಿಗೆ ಹಾಕುವ ಔಷಧಿ ಬರೆದುಕೊಟ್ಟರು. ಒಂದು ವಾರ ಕೊಡುವುದು, ಮುಂದಿನ ವಾರ ಬಿಡುವುದು, ಹೀಗೆ ಮೂರು ಸುತ್ತು. ಜೊತೆಗೆ ವಾರಕ್ಕೆರಡು ಸಲ ಔಷಧದ ಶಾಂಪೂ. ಮೂರನೇ ವಾರಕ್ಕೇ ಹೊಸ ಕೂದಲು ಮೂಡಿತು. ಹಾಗೆಂದು ಅಲ್ಲಿಗೇ ನಿಲ್ಲಿಸಿದರೆ ಮತ್ತೆ ಬರುತ್ತದೆಯಂತೆ. ಪೂರ್ತಿ ಗುಣವಾಗುವ ಹೊತ್ತಿಗೆ ಎರಡು ತಿಂಗಳು ಹಿಡಿಯಿತು.

ಮನೆ ಶುಚಿ ಮಾಡುವುದು ಅದಕ್ಕಿಂತ ದೊಡ್ಡ ಕೆಲಸ. ಉದುರಿದ ಕೂದಲಿನಲ್ಲಿ ಈ ಬೂಷ್ಟು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಪೊರಕೆಯಿಂದ ಗುಡಿಸಿದರೆ ಹಾರಿ ಹರಡುತ್ತದೆ, ಒದ್ದೆ ಬಟ್ಟೆಯಿಂದ ಬಳಿದು ತೆಗೆದು, ಆಮೇಲೆ ಸೋಪಿನ ನೀರಿನಿಂದ ಒರೆಸಬೇಕು. ಗೋಣಿಚೀಲವನ್ನು ಸುಟ್ಟೇಬಿಟ್ಟೆ. ಹಾಸಿಗೆ ಬಟ್ಟೆಗಳನ್ನು ಬೇರೆಯಾಗಿ ಎರಡೆರಡು ಸಲ ಒಗೆದೆ. ಒಂದು ಮಾತು ನೆನಪಿಡಿ, ಬೆಕ್ಕು ಓಡಾಡುವ ಕಡೆ ಫಿನೈಲ್ ಬೇಡ. ಕಾಲಿಗೆ ಅಂಟಿದ್ದನ್ನು ನೆಕ್ಕುತ್ತದೆ, ಆ ವಿಷವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರ ಕಡಿಮೆ.

ಈಗ ನಮ್ಮನೆಯಲ್ಲಿ ಒರೆಸುವ ಕ್ರಮವೇ ಬೇರೆ. ಹಿತ್ತಿಲ ಬಾಗಿಲ ಮೊಳೆಗೆ ಹಳೆಯ ಹತ್ತಿ ಸೀರೆಯ ಎರಡು ತುಂಡು ನೇತುಹಾಕಿದ್ದೇನೆ. ಬೆಳ್ಳಿ ಬಂದ ಕೂಡಲೇ ಮೊದಲ ತುಂಡಿನಲ್ಲಿ ಸುತ್ತಿ, ತಿಕ್ಕದೆ ಒತ್ತಿ ಒತ್ತಿ ನೀರು ಹೀರಿಸುತ್ತೇನೆ. ತಿಕ್ಕಿದರೆ ಕೂದಲು ಗಂಟಾಗುತ್ತದೆ, ಚರ್ಮವೂ ತರಚುತ್ತದೆ. ಬೆನ್ನು ಹೇಗೂ ಗಾಳಿಗೆ ಬೇಗ ಒಣಗುತ್ತದೆ. ಹೊಟ್ಟೆಯಡಿ, ಕಂಕುಳು, ಬಾಲದ ಬುಡ, ಕಾಲ್ಬೆರಳ ಸಂದಿಯಲ್ಲೇ ನೀರು ನಿಲ್ಲುವುದು. ಆಮೇಲೆ ಒಣಗಿದ ಎರಡನೇ ತುಂಡು. ಕೊನೆಗೆ ಬೆರಳನ್ನು ಕೂದಲಿಗೆ ಎದುರಾಗಿ ಹಾಯಿಸಿ ಚರ್ಮ ಮುಟ್ಟಿ ನೋಡಿ. ಬೆರಳ ತುದಿಗೆ ತಣ್ಣಗೆ ತಾಕಿದರೆ ಒಳಗಿನ್ನೂ ಒದ್ದೆಯಿದೆ ಎಂದರ್ಥ. ಈಗ ಊರೂರಲ್ಲೂ ಸಾಕುತ್ತಾರಲ್ಲ, ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳು, ಅವುಗಳ ಮೇಲ್ಗೂದಲು ಒಣಗಿದರೂ ಒಳಗಿನ ತುಪ್ಪುಳ ಗಂಟೆಗಟ್ಟಲೆ ಒದ್ದೆಯಿರುತ್ತದೆ.

ಹಾಸಿಗೆಗೆ ದೊಡ್ಡ ಖರ್ಚೇನೂ ಬೇಡ. ಕಿರಾಣಿ ಅಂಗಡಿಯ ರಟ್ಟಿನ ಡಬ್ಬವನ್ನು ಒಂದು ಮಣೆಯ ಮೇಲಿಡಿ, ಆಗ ನೆಲದ ಥಂಡಿ ಏರುವುದಿಲ್ಲ. ಒಳಗೆ ನಾಲ್ಕು ಪದರ ಪೇಪರ್, ಅದರ ಮೇಲೆ ಹತ್ತಿ ಬಟ್ಟೆ. ದಿನಾ ಬೆಳಿಗ್ಗೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ ಬದಲಾಯಿಸಿ. ರಟ್ಟು ಮೆತ್ತಗಾದರೆ ಡಬ್ಬವನ್ನೇ ಬಿಸಾಡಿ.

ಭಾನುವಾರ ಮಕ್ಕಳ ತಲೆಗೆ ಎಣ್ಣೆ ಹಚ್ಚುವಾಗಲೇ ಬೆಳ್ಳಿಯ ತಪಾಸಣೆ. ಬೆಳಕಿಗೆ ಹಿಡಿದು ಕಿವಿಯ ಹಿಂದೆ, ಗದ್ದ, ಮುಂಗಾಲು, ಉಗುರ ಬುಡ ನೋಡುತ್ತೇನೆ. ದುಂಡಗೆ ಕೂದಲು ಉದುರಿದ್ದು, ಮುರಿದ ಕೂದಲ ಮೋಟು, ಬೂದಿಯಂಥ ಹೊಟ್ಟು ಕಂಡರೆ ಹುಳುಕಡ್ಡಿಯ ಅನುಮಾನ. ಕೆರೆದುಕೊಳ್ಳುತ್ತಿಲ್ಲವೆಂದು ಧೈರ್ಯ ಬೇಡ, ಎಷ್ಟೋ ಬೆಕ್ಕುಗಳಿಗೆ ಇದರಲ್ಲಿ ತುರಿಕೆಯೇ ಇರುವುದಿಲ್ಲ. ಕಪ್ಪು ಪುಡಿ ಸಿಕ್ಕರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಅದಕ್ಕೆ ನಾಯಿಯ ಚಿಗಟದ ಔಷಧಿ ಹಾಕಬೇಡಿ. ಅವುಗಳಲ್ಲಿ ಕೆಲವು ಬೆಕ್ಕಿನ ಪ್ರಾಣಕ್ಕೇ ಎರವಾಗುತ್ತವೆ.

ಚಳಿಗಾಲಕ್ಕೂ ಅದೇ ಡಬ್ಬ ಸಾಕು, ಒಂದು ಉಣ್ಣೆ ಬಟ್ಟೆ ಹೆಚ್ಚಿಗೆ ಬೇಕು. ಕಷ್ಟವಾಗುವುದು ಮರಿಗಳಿಗೆ. ಮೂರು ನಾಲ್ಕು ವಾರದವರೆಗೆ ಅವಕ್ಕೆ ಮೈಕಾವು ಹಿಡಿದಿಟ್ಟುಕೊಳ್ಳಲು ಬಾರದು. ಸೆಟೆದು ತಣ್ಣಗಾದ ಮರಿ ಕಂಡರೆ ನಾವು ಮೊದಲು ಬಾಯಿಗೆ ಹಾಲು ಬಿಡಲು ಓಡುತ್ತೇವೆ. ಹಾಗೆ ಮಾಡಬಾರದು. ತಣ್ಣಗಿರುವ ಮೈಗೆ ಹಾಲು ಅರಗುವುದಿಲ್ಲ, ಶ್ವಾಸಕ್ಕೂ ಹೋಗಬಹುದು. ಮೊದಲು ಎದೆಗವಚಿ ನಿಧಾನವಾಗಿ ಬೆಚ್ಚಗೆ ಮಾಡಿ. ಬಿಸಿನೀರಿನ ಬಾಟಲಿಯನ್ನು ಎರಡು ಸುತ್ತು ಬಟ್ಟೆಯಲ್ಲಿ ಸುತ್ತಿ ಡಬ್ಬದ ಒಂದೇ ಪಕ್ಕಕ್ಕಿಡಿ, ಸೆಕೆಯೆನಿಸಿದರೆ ಮರಿ ಆಚೆ ಸರಿಯಲು ಜಾಗವಿರಲಿ. ನೀರು ಆರಿದ ಮೇಲೆ ಬಾಟಲಿ ತೆಗೆದುಬಿಡಿ. ಇಲ್ಲವಾದರೆ ಅದೇ ಮರಿಯ ಕಾವನ್ನು ಹೀರುತ್ತದೆ.

ಇಷ್ಟೆಲ್ಲ ಮಾಡಿದರೂ ಪುಷ್ಯದ ಚಳಿಯಲ್ಲಿ ನಮ್ಮ ಬೆಳ್ಳಿ ರಾತ್ರಿ ಡಬ್ಬ ಬಿಟ್ಟು ಬಚ್ಚಲ ಹಂಡೆ ಒಲೆಯೊಳಗಿನ ಬೆಚ್ಚನೆ ಬೂದಿಯಲ್ಲೇ ಮಲಗುತ್ತದೆ. ಮೀಸೆ ಸುಟ್ಟುಕೊಂಡದ್ದೂ ಉಂಟು. ಅದಕ್ಕೇ ಬೆಳಗಿನ ಜಾವ ಒಲೆಗೆ ಬೆಂಕಿ ಹಾಕುವ ಮುನ್ನ ಒಂದು ಕಟ್ಟಿಗೆಯಿಂದ ಒಲೆಯ ಬಾಯನ್ನು ತಟ್ಟುತ್ತೇನೆ. ಮೈತುಂಬ ಬೂದಿ ಬಳಿದುಕೊಂಡು, ನಿದ್ದೆಗಣ್ಣಿನಲ್ಲಿ ನನ್ನನ್ನೇ ಗದರಿಸುವ ಹಾಗೆ ಕೂಗುತ್ತ ಹೊರಗೆ ಬರುತ್ತದೆ. ಆಮೇಲೇ ಕಡ್ಡಿ ಗೀರುವುದು.